ಮಿರ್ಚಿಗೊಂದು ಬಾಂಡ್ಲಿ, ಒಗ್ಗರಣಿಗೊಂದು

ರಾಯಚೂರು, ಮಾನ್ವಿ, ದೇವದುರ್ಗ ಯಾವ ಊರಿಗೆ ಹೋದರೂ ಬೆಳಗಿನ ನಾಷ್ಟಾಕ್ಕೆ ಮಂಡಾಳ ಒಗ್ಗರಣಿ, ಅದರ ಮಗ್ಗುಲಿಗೆ ಮಿರ್ಚಿ. ಇವೆರಡನ್ನೂ ಒಂದೇ ತಟ್ಟೆಯಲ್ಲಿ ಕೊಡುತ್ತಾರೆ ನಿಜ, ಆದರೆ ಒಲೆಯ ಮೇಲೆ ಎರಡರ ಸ್ವಭಾವವೂ ಬೇರೆ. ಮಿರ್ಚಿ ಎಣ್ಣೆಯಲ್ಲಿ ತೇಲುತ್ತದೆ, ಬಾಂಡ್ಲಿಯ ತಳ ಮುಟ್ಟುವುದೇ ಇಲ್ಲ. ಒಗ್ಗರಣಿಗೆ ಹಾಕುವ ಎಣ್ಣೆ ನಾಲ್ಕು ಚಮಚ; ಉಳ್ಳಾಗಡ್ಡಿ, ಮೆಣಸಿನಕಾಯಿ, ನೆನೆಸಿ ಹಿಂಡಿದ ಮಂಡಾಳು ಎಲ್ಲವೂ ಲೋಹದ ಮೇಲೆಯೇ ಕೂತು ಬೇಯುತ್ತವೆ. ಕಬ್ಬಿಣ ಒಳ್ಳೆಯದೋ, ನಾನ್‌ಸ್ಟಿಕ್ಕೋ, ಸ್ಟೀಲೋ ಎಂಬ ಜಗಳ ಬಗೆಹರಿಯದೆ ಉಳಿದಿರುವುದು ಈ ವ್ಯತ್ಯಾಸವನ್ನು ಗಮನಿಸದೆ ಎರಡಕ್ಕೂ ಒಂದೇ ಉತ್ತರ ಹುಡುಕುವುದರಿಂದ.

ಕಬ್ಬಿಣದ ಪರವಾಗಿ ಎಲ್ಲರೂ ಹೇಳುವ ಮಾತು ಒಂದೇ: ಅದು ಬಿಸಿ ಹಿಡಿದಿಡುತ್ತದೆ. ಮಾತು ಸುಳ್ಳಲ್ಲ. ಆದರೆ ಮಿರ್ಚಿ ಕರಿಯುವಾಗ ಅದರಿಂದ ಎಷ್ಟು ಲಾಭ ಎಂದು ಲೆಕ್ಕ ಹಾಕಿದವರು ಕಡಿಮೆ. ಒಮ್ಮೆ ಹಾಕಿ ನೋಡೋಣ.

ಮನೆಯ ಗ್ಯಾಸ್ ಒಲೆ. ಒಂದು ಲೀಟರ್ ಎಣ್ಣೆ, 180 ಡಿಗ್ರಿಗೆ ಕಾದಿದೆ. ಐವತ್ತು ಗ್ರಾಮ್ ತೂಗುವ ಎಂಟು ಮಿರ್ಚಿಗಳನ್ನು ಒಟ್ಟಿಗೆ ಬಿಡುತ್ತೇವೆ. ಹಸಿ ಹಿಟ್ಟು ಕಾದು, ಅದರೊಳಗಿನ ನೀರು ಆವಿಯಾಗಿ ಹೋಗಲು ಶಾಖ ಬೇಕು. ಮೊದಲ ಅರ್ಧ ನಿಮಿಷದಲ್ಲಿ ಸುಮಾರು 80 ಕಿಲೋಜೂಲ್ ಬೇಕೆಂದು ಹಿಡಿಯೋಣ. ಮನೆಯ ದೊಡ್ಡ ಬರ್ನರ್ ಆ ಹೊತ್ತಿನಲ್ಲಿ ಪಾತ್ರೆಯೊಳಕ್ಕೆ ಕೊಡುವುದು ಹೆಚ್ಚೆಂದರೆ 35. ಉಳಿದ 45 ಕಿಲೋಜೂಲನ್ನು ಎಣ್ಣೆ ಮತ್ತು ಬಾಂಡ್ಲಿ ತಮ್ಮ ಗಂಟಿನಿಂದ ಬಿಚ್ಚಿ ಕೊಡಬೇಕು. ಕೊಟ್ಟಷ್ಟೂ ಬಿಸಿ ಇಳಿಯುತ್ತದೆ.

ಒಂದು ಡಿಗ್ರಿ ಇಳಿಯುವಾಗ ಲೀಟರ್ ಎಣ್ಣೆ ಸುಮಾರು 1.9 ಕಿಲೋಜೂಲ್ ಬಿಟ್ಟುಕೊಡುತ್ತದೆ. ಒಂದೂವರೆ ಕಿಲೋ ತೂಕದ ಕಬ್ಬಿಣದ ತಗಡಿನ ಬಾಂಡ್ಲಿ ಕೊಡುವುದು 0.7. ಏಳುನೂರು ಗ್ರಾಮಿನ ನಾನ್‌ಸ್ಟಿಕ್ ಬಾಂಡ್ಲಿ 0.6, ಅದರ ಮೈ ಅಲ್ಯೂಮಿನಿಯಮ್, ತೂಕಕ್ಕೆ ಹೋಲಿಸಿದರೆ ಅಲ್ಯೂಮಿನಿಯಮ್ ಕಬ್ಬಿಣದ ಎರಡು ಪಟ್ಟು ಶಾಖ ಹಿಡಿಯುತ್ತದೆ. ಎಂಟುನೂರು ಗ್ರಾಮಿನ ತೆಳು ಸ್ಟೀಲು 0.4. ಈಗ ಭಾಗಿಸಿದರೆ ಎಣ್ಣೆಯ ಬಿಸಿ ಕಬ್ಬಿಣದಲ್ಲಿ ಹದಿನೇಳೂವರೆ ಡಿಗ್ರಿ, ನಾನ್‌ಸ್ಟಿಕ್ಕಿನಲ್ಲಿ ಹದಿನೆಂಟು, ಸ್ಟೀಲಿನಲ್ಲಿ ಇಪ್ಪತ್ತು ಇಳಿಯುತ್ತದೆ. ಇಷ್ಟು ಹೆಸರು ಮಾಡಿದ ಕಬ್ಬಿಣ ಗೆದ್ದದ್ದು ಎರಡು ಡಿಗ್ರಿಯಲ್ಲಿ!

ಅದೇ ಒಲೆ, ಅದೇ ಎಣ್ಣೆ. ಎಂಟರ ಬದಲು ನಾಲ್ಕು ಮಿರ್ಚಿ ಬಿಡಿ. ಬೇಕಾಗುವುದು 40, ಒಲೆ ಕೊಡುವುದು 35. ಯಾವ ಬಾಂಡ್ಲಿಯಾದರೂ ಇಳಿಕೆ ಎರಡು ಡಿಗ್ರಿಯ ಆಸುಪಾಸು. ಎಂಟನ್ನೇ ಬಿಟ್ಟು ಎಣ್ಣೆಯನ್ನು ಅರ್ಧ ಲೀಟರಿಗೆ ಇಳಿಸಿದರೋ, ಕಬ್ಬಿಣದಲ್ಲೂ ಇಪ್ಪತ್ತೆಂಟು ಡಿಗ್ರಿ ಕುಸಿಯುತ್ತದೆ. ಮಿರ್ಚಿ ಎಣ್ಣೆ ಕುಡಿದು ಮೆತ್ತಗಾದಾಗ ಬಾಂಡ್ಲಿಯನ್ನು ಬೈಯುವವರು ಮೊದಲು ಎಷ್ಟು ಬಿಟ್ಟೆವು, ಎಷ್ಟು ಎಣ್ಣೆಯಲ್ಲಿ ಬಿಟ್ಟೆವು ಎಂದು ನೋಡಬೇಕು. ಎಣ್ಣೆಯ ಮೇಲ್ಮೈಯಲ್ಲಿ ಅರ್ಧ ಜಾಗ ಖಾಲಿ ಕಾಣುವಷ್ಟೇ ಬಿಟ್ಟರೆ ಸಾಕು. ಬಿಸಿ ಇಳಿದದ್ದು ಕಣ್ಣಿಗೂ ಕಿವಿಗೂ ತಿಳಿಯುತ್ತದೆ: ಚರಚರ ಸದ್ದು ಉಡುಗುತ್ತದೆ, ಗುಳ್ಳೆ ದೊಡ್ಡದಾಗಿ ಸೋಮಾರಿಯಾಗುತ್ತದೆ, ಕಡ್ಲಿ ಹಿಟ್ಟು ಗಟ್ಟಿಯಾಗುವ ಮೊದಲೇ ಮೆಣಸಿನಕಾಯಿಯ ಮೈಯಿಂದ ಜಾರುತ್ತದೆ. ಮುಂದಿನ ಸುತ್ತಿಗೆ ಮುನ್ನ ಒಂದು ಹನಿ ಹಿಟ್ಟು ಬಿಟ್ಟು ನೋಡಬೇಕು. ತಳಕ್ಕೆ ಹೋಗಿ ಎರಡು ಮೂರು ಸೆಕೆಂಡಿನಲ್ಲಿ ಮೇಲೆದ್ದರೆ ಎಣ್ಣೆ ಮರಳಿ ಹದಕ್ಕೆ ಬಂದಿದೆ. ತಳದಲ್ಲೇ ಕೂತರೆ ಇನ್ನೂ ಇಲ್ಲ.

ಹಾಗಾದರೆ ಹೋಟೆಲಿನವರೆಲ್ಲ ಕಬ್ಬಿಣವನ್ನೇ ಏಕೆ ಹಿಡಿದಿದ್ದಾರೆ? ಬಸ್ ಸ್ಟ್ಯಾಂಡಿನ ಮುಂದಿನ ಭಟ್ಟಿಯ ಉರಿ ಮನೆಯ ಒಲೆಯದಲ್ಲ. ಆ ಉರಿಗೆ ತೆಳು ಸ್ಟೀಲಿನ ತಳ ಉಬ್ಬಿ ಸೊಟ್ಟಗಾಗುತ್ತದೆ, ನಾನ್‌ಸ್ಟಿಕ್ಕಿನ ಲೇಪ ತಿಂಗಳು ತಾಳುವುದಿಲ್ಲ. ದಿನಕ್ಕೆ ನೂರಾರು ಸಲ ಜಾರಿ ಕೆರೆದರೂ ಕಬ್ಬಿಣಕ್ಕೆ ಏನೂ ಆಗದು, ಕೆರೆದಲ್ಲಿ ಮತ್ತೆ ಎಣ್ಣೆಯೇ ಕೂತು ಕಪ್ಪಾಗುತ್ತದೆ. ಬಾಂಡ್ಲಿ ಅಗಲ, ಎಣ್ಣೆ ನಾಲ್ಕೈದು ಲೀಟರ್, ಹಾಗಾಗಿ ಬಿಸಿ ಕಾಯುವ ಕೆಲಸ ಎಣ್ಣೆಯದೇ. ಅಲ್ಲಿ ಕಬ್ಬಿಣ ಗೆಲ್ಲುವುದು ತಾಳಿಕೆಯಿಂದ. ಇದನ್ನು ಬಿಸಿಯ ಖಾತೆಗೆ ಜಮಾ ಮಾಡಿದ್ದು ನಮ್ಮ ತಪ್ಪು.

ಇನ್ನೊಂದು ಮಾತೂ ಇದೇ ಜಾತಿಯದು: ಕಬ್ಬಿಣದ ಬಾಂಡ್ಲಿಯಲ್ಲಿ ಕರಿದರೆ ಮೈಗೆ ಕಬ್ಬಿಣದ ಅಂಶ ಸೇರುತ್ತದೆ ಅನ್ನುವುದು. ಲೋಹ ಕರಗಲು ನೀರೂ ಹುಳಿಯೂ ಬೇಕು. ಎಣ್ಣೆಯಲ್ಲಿ ತೇಲಿ ಬಂದ ಮಿರ್ಚಿಗೆ ಹೇಳಿಕೊಳ್ಳುವಷ್ಟೇನೂ ಸೇರದು. ಟೊಮೆಟೊ ಹಾಕಿದ ಒಗ್ಗರಣಿಗೆ ಸೇರುತ್ತದೆ, ಪಲ್ಲೆಗೂ ಸೇರುತ್ತದೆ. ಆರೋಗ್ಯದ ನೆಪ ಹೇಳಿ ಮಿರ್ಚಿ ತಿನ್ನುವವರು ಬೇರೆ ನೆಪ ಹುಡುಕಿಕೊಳ್ಳಬೇಕು.

ಈಗ ಒಗ್ಗರಣಿಗೆ ಬರೋಣ, ಇಲ್ಲಿ ಕಥೆ ತಿರುಗುತ್ತದೆ. ನಾಲ್ಕು ಚಮಚ ಎಣ್ಣೆಯಲ್ಲಿ ಏನು ಬಿಸಿ ನಿಂತೀತು? ಎಲ್ಲ ಭಾರ ಲೋಹದ ಮೇಲೆ. ಉಳ್ಳಾಗಡ್ಡಿ ಬಿದ್ದ ಕೂಡಲೇ ಬಾಂಡ್ಲಿ ತಣ್ಣಗಾದರೆ ಅದು ಹುರಿಯುವುದಿಲ್ಲ, ತನ್ನ ನೀರಿನಲ್ಲೇ ಬೇಯುತ್ತದೆ. ನೆನೆದ ಮಂಡಾಳಿಗೂ ಅದೇ ಗತಿ: ಕಾದ ಲೋಹದ ಮೇಲೆ ಬಿಡಿಬಿಡಿಯಾಗಿ ಹೊರಳಬೇಕಾದದ್ದು ಮುದ್ದೆಯಾಗುತ್ತದೆ. ಇಲ್ಲಿ ಎರಡು ಕಿಲೋದ ಕಬ್ಬಿಣದ ಬಾಂಡ್ಲಿಗೆ ಸಾಟಿಯಿಲ್ಲ. ಹಿಡಿದಿಡುವ ಶಾಖ ಹೆಚ್ಚು ಎಂಬುದು ಒಂದು ಕಾರಣ. ಅದಕ್ಕಿಂತ ಮುಖ್ಯ, ಅದನ್ನು ಇನ್ನೂರೈವತ್ತು ಡಿಗ್ರಿಗೆ ಕಾಯಿಸಿದರೂ ಹೆದರಿಕೆಯಿಲ್ಲ. ಗಂಟು ಎಷ್ಟು ದೊಡ್ಡದು ಅನ್ನುವುದು ತೂಕದಿಂದಷ್ಟೇ ಅಲ್ಲ, ಎಷ್ಟು ಬಿಸಿಯವರೆಗೆ ತುಂಬಬಹುದು ಅನ್ನುವುದರಿಂದಲೂ ತೀರ್ಮಾನವಾಗುತ್ತದೆ.

ನಾನ್‌ಸ್ಟಿಕ್ ಸೋಲುವುದು ಸರಿಯಾಗಿ ಇಲ್ಲೇ. ಅದರ ಮೇಲಿನ ಲೇಪ ಪಿಟಿಎಫ್ಇ, ಅಂದರೆ ಟೆಫ್ಲಾನ್. 1938ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಹಿಡಿದದ್ದು. ಸುಮಾರು 260 ಡಿಗ್ರಿ ದಾಟಿದರೆ ಅದು ಕೆಡಲು ಶುರು, 350ರ ಹೊತ್ತಿಗೆ ಹೊಗೆಯಾಗಿ ಒಡೆಯುತ್ತದೆ. ಎಣ್ಣೆ ತುಂಬಿದ ನಾನ್‌ಸ್ಟಿಕ್ಕಿನಲ್ಲಿ ಮಿರ್ಚಿ ಕರಿದರೆ ಆ ಮಟ್ಟ ಮುಟ್ಟುವುದು ಕಷ್ಟ; ಎಣ್ಣೆಯೇ ಮೊದಲು ಹೊಗೆಯಾಡಿ ಎಚ್ಚರಿಸುತ್ತದೆ. ಅಪಾಯ ಇರುವುದು ಖಾಲಿ ಬಾಂಡ್ಲಿಯಲ್ಲಿ. ಆರುನೂರು ಗ್ರಾಮಿನ ಖಾಲಿ ಬಾಂಡ್ಲಿಯನ್ನು ದೊಡ್ಡ ಉರಿಯಲ್ಲಿಟ್ಟು ಉಳ್ಳಾಗಡ್ಡಿ ಹೆಚ್ಚಲು ಕೂತರೆ ಎರಡು ಮೂರು ನಿಮಿಷದಲ್ಲೇ ಅದು 260 ಮುಟ್ಟಬಹುದು. ಲೀಟರ್ ಎಣ್ಣೆ ಇದ್ದಿದ್ದರೆ ಅದೇ ಬಿಸಿಗೆ ಏಳೆಂಟು ನಿಮಿಷವಾದರೂ ಬೇಕಿತ್ತು. ನಮ್ಮ ಮಗ್ಗುಲ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ಇನ್ನೂ ಬಿಗಿಯಾಗಿದೆ: ಖಾಲಿ ನಾನ್‌ಸ್ಟಿಕ್ ಪಾತ್ರೆಯನ್ನು 170 ಡಿಗ್ರಿ ಮೀರಿ ಕಾಯಿಸುವುದೇ ಬೇಡ ಎನ್ನುತ್ತದೆ. ಹಾಗಾಗಿ ಶೇಂಗಾ ಹುರಿಯಲು, ಮಂಡಾಳು ಗರಿ ಮಾಡಲು, ಒಣಮೆಣಸಿನಕಾಯಿ ಬಾಡಿಸಲು ನಾನ್‌ಸ್ಟಿಕ್ ಬೇಡ. ತತ್ತಿಗೆ, ಕಡಿಮೆ ಎಣ್ಣೆಯ ದೋಸೆಗೆ, ಸಣ್ಣ ಉರಿಯಲ್ಲಿ ಬೇಯುವ ಮೀನಿನ ತುಂಡಿಗೆ ಅದು ನಿಜವಾಗಿ ಅನುಕೂಲ. ಕಟ್ಟಿಗೆಯ ಸೌಟು ಇಟ್ಟುಕೊಂಡರಾಯಿತು.

ಸ್ಟೀಲಿನ ದೋಷ ಬೇರೆ ಬಗೆಯದು. ಅದರೊಳಗೆ ಶಾಖ ಹರಿಯುವ ವೇಗ ಕಬ್ಬಿಣದ ಮೂರನೇ ಒಂದು ಭಾಗ. ಉರಿ ತಾಗಿದ ಜಾಗ ಸುಡುತ್ತದೆ, ನಾಲ್ಕು ಬೆರಳು ಆಚೆ ಇನ್ನೂ ತಣ್ಣಗೆ. ತುಂಬ ಎಣ್ಣೆ ಇದ್ದರೆ ಎಣ್ಣೆಯೇ ಸುತ್ತಾಡಿ ಸರಿಮಾಡುತ್ತದೆ, ಆದ್ದರಿಂದ ಪೂರಿಗೆ, ಮಿರ್ಚಿಗೆ ಸ್ಟೀಲು ಪರವಾಗಿಲ್ಲ. ಒಗ್ಗರಣಿಗೆ ಹಾಕಿದರೆ ಸಾಸಿವೆ ನಡುವಿನಲ್ಲಿ ಕಪ್ಪಾಗಿ ಅಂಚಿನಲ್ಲಿ ಸಿಡಿಯುವುದೇ ಇಲ್ಲ, ಮಂಡಾಳು ನಡುವಿಗೇ ಅಂಟಿಕೊಳ್ಳುತ್ತದೆ. ನಡುವೆ ಅಲ್ಯೂಮಿನಿಯಮ್ ಪದರವಿರುವ ಮೂರು ಪದರದ ಸ್ಟೀಲು ಈ ಕೊರತೆಯನ್ನು ಬಹುಮಟ್ಟಿಗೆ ನೀಗುತ್ತದೆ, ಬೆಲೆಯೂ ಅದಕ್ಕೆ ತಕ್ಕಂತೆ ಏರುತ್ತದೆ. ಆದರೆ ಹುಳಿಯ ವಿಷಯದಲ್ಲಿ ಸ್ಟೀಲಿಗೆ ಎದುರಿಲ್ಲ. ಹುಣಸೆಹಣ್ಣಿನ ಗೊಜ್ಜು, ಟೊಮೆಟೊ ಚಟ್ನಿ ಕಬ್ಬಿಣದಲ್ಲಿ ಕುದಿಸಿದರೆ ಬಣ್ಣ ಕಪ್ಪಾಗುತ್ತದೆ, ನಾಲಗೆಗೆ ಲೋಹದ ಒಗರು ತಾಗುತ್ತದೆ, ತಿಂಗಳುಗಟ್ಟಲೆ ಕೂಡಿಸಿದ ಎಣ್ಣೆಯ ಪದರವೂ ಕರಗಿಹೋಗುತ್ತದೆ. ಒಗ್ಗರಣಿಗೆ ಲಿಂಬೆಹಣ್ಣು ಹಿಂಡುವವರು ಒಲೆ ಆರಿಸಿ, ಬೇರೆ ಪಾತ್ರೆಗೆ ತೆಗೆದ ಮೇಲೆ ಹಿಂಡಲಿ.

ಕಬ್ಬಿಣ ಕೊಳ್ಳುವವರಿಗೆ ಎರಡು ಜಾತಿಯ ಬಾಂಡ್ಲಿ ಸಿಗುತ್ತವೆ. ತಗಡು ಬಡಿದು ಮಾಡಿದ್ದು ಹಗುರ, ಬೇಗ ಕಾಯುತ್ತದೆ, ಉರಿ ತಗ್ಗಿಸಿದರೆ ಬೇಗ ಮಾತು ಕೇಳುತ್ತದೆ. ಎರಕ ಹೊಯ್ದದ್ದು ಅಷ್ಟೇ ಅಗಲಕ್ಕೆ ಎರಡು ಪಟ್ಟು ತೂಗುತ್ತದೆ, ಕೆಳಗೆ ಬಿದ್ದರೆ ಸೀಳುತ್ತದೆ. ಎರಕದ್ದರ ಬಿಸಿ ನಿಲ್ಲುವ ಗುಣವೇ ಕೆಲವೊಮ್ಮೆ ಕಾಟ: ಶೇಂಗಾ ಹದವಾಗಿ ಹುರಿದು ಒಲೆ ಆರಿಸಿ ಆಚೆ ಹೋಗಿ ಬಂದರೆ ಒಳಗೆಲ್ಲ ಕರಿಕು. ಎರಕದ ಬಾಂಡ್ಲಿಯಲ್ಲಿ ಶೇಂಗಾ ಒಂದು ಹದ ಕಡಿಮೆಯಿರುವಾಗಲೇ ಮೊರಕ್ಕೆ ಸುರಿಯಬೇಕು. ನನ್ನನ್ನು ಕೇಳಿದರೆ ಮನೆಗೆ ದಪ್ಪ ತಗಡಿನದೇ ಸಾಕು, ಎರಡು ಕಿಲೋ ಆಸುಪಾಸಿನದು.

ಹೊಸದಾಗಿ ತಂದದ್ದನ್ನು ಹದ ಮಾಡದೆ ಅಡುಗೆಗೆ ಇಳಿಸಿದವರೇ ಹೆಚ್ಚಾಗಿ ಕಬ್ಬಿಣದ ಮೇಲೆ ದೂರು ಹೇಳುವವರು. ಅಂಗಡಿಯಲ್ಲಿ ತುಕ್ಕು ಹಿಡಿಯದಿರಲಿ ಎಂದು ಹಚ್ಚಿದ ಎಣ್ಣೆಯನ್ನು ಮೊದಲು ಸೋಪು ಹಾಕಿ ಉಜ್ಜಿ ತೆಗೆಯಬೇಕು. ಆಮೇಲೆ ಒಲೆಯ ಮೇಲೆ ಪೂರ್ತಿ ಒಣಗಿಸಿ, ಎಣ್ಣೆ ಸವರಿ, ಸವರಿದ್ದೇ ಕಾಣದಷ್ಟು ಬಟ್ಟೆಯಿಂದ ಒರೆಸಿ, ಸಣ್ಣಗೆ ಹೊಗೆಯಾಡುವವರೆಗೆ ಕಾಯಿಸಬೇಕು. ಆರಿದ ಮೇಲೆ ಮತ್ತೆ ಹಾಗೇ, ನಾಲ್ಕೈದು ಸಲ. ಬಿಸಿಗೆ ಎಣ್ಣೆ ಗಟ್ಟಿ ಪೊರೆಯಾಗಿ ಕೂರುತ್ತದೆ. ಎಣ್ಣೆ ಜಾಸ್ತಿಯಾದರೆ ಪೊರೆ ಜಿಗುಟಾಗುತ್ತದೆ, ಬೆರಳಿಗೆ ಅಂಟುತ್ತದೆ. ಆಗ ಉಜ್ಜಿ ತೆಗೆದು ಮತ್ತೆ ಮೊದಲಿನಿಂದ.

ಕರಿದು ಉಳಿದ ಎಣ್ಣೆಯನ್ನು ಕಬ್ಬಿಣದಲ್ಲೇ ಮುಚ್ಚಿಟ್ಟು ಮರುದಿನ ಅದರಲ್ಲೇ ಕರಿಯುವ ರೂಢಿ ನಮ್ಮ ಕಡೆ ಮನೆಗಳಲ್ಲೂ ಇದೆ. ಪೊರೆ ಎಲ್ಲೆಲ್ಲಿ ಹರಿದಿದೆಯೋ ಅಲ್ಲೆಲ್ಲ ಕಬ್ಬಿಣ ಎಣ್ಣೆಗೆ ತಾಗಿ ಅದು ಕಮಟುವುದನ್ನು ಚುರುಕುಗೊಳಿಸುತ್ತದೆ. ತಳದಲ್ಲಿ ಉಳಿದ ಕಡ್ಲಿ ಹಿಟ್ಟಿನ ಚೂರು ಇದಕ್ಕೆ ಕೈಜೋಡಿಸುತ್ತದೆ. ಹೋಟೆಲುಗಳಿಗಾದರೆ 2018ರ ಜುಲೈನಿಂದ ಎಣ್ಣೆಯಲ್ಲಿ ಪೋಲಾರ್ ಸಂಯುಕ್ತಗಳು ಶೇಕಡಾ 25 ಮೀರಬಾರದೆಂಬ ಕಾನೂನಿದೆ. ಮನೆಯಲ್ಲಿ ಅಳೆಯುವ ಯಂತ್ರವಿಲ್ಲ, ಆದರೆ ಕಾಯುವ ಮೊದಲೇ ಹೊಗೆ ಬಂದರೆ, ಮಿರ್ಚಿ ಬಿಟ್ಟಾಗ ಗುಳ್ಳೆ ಒಡೆಯದೆ ನೊರೆಯಾಗಿ ನಿಂತರೆ ಅದರ ಕಾಲ ಮುಗಿದಿದೆ ಎಂದೇ ಅರ್ಥ. ಇನ್ನೂ ಚೆನ್ನಾಗಿರುವ ಎಣ್ಣೆಯನ್ನು ಕೈ ಸುಡದಷ್ಟು ಆರಿದ ಕೂಡಲೇ ಬಟ್ಟೆಯಲ್ಲಿ ಸೋಸಿ, ಮುಚ್ಚಳವಿರುವ ಸ್ಟೀಲಿನ ಡಬ್ಬಿಗೆ ಹಾಕಿ, ಒಲೆಯಿಂದ ದೂರವಿಟ್ಟು ಎರಡು ಮೂರು ದಿನದೊಳಗೆ ಪಲ್ಲೆಗೋ ಒಗ್ಗರಣೆಗೋ ಮುಗಿಸಬೇಕು.