ಮೂಡು, ಕಿಳಕ್ಕ್, ಪೂರ್ವ: ಭಾಷಾ ಸಾಪೇಕ್ಷತಾವಾದದ ಸಾಕ್ಷ್ಯಗಳ ಕುರಿತು ಒಂದು ವಿಮರ್ಶೆ

ಭಾಷೆಯು ಆಲೋಚನೆಯನ್ನು ರೂಪಿಸುತ್ತದೆ ಎಂಬ ವಾದಕ್ಕೆ ತುಳುನಾಡಿನಲ್ಲಿ ಸಿದ್ಧ ಉದಾಹರಣೆಯೊಂದಿದೆ. ಇಲ್ಲಿನ ಹಳ್ಳಿಗರು ಎಡ–ಬಲಗಳಿಗಿಂತ ಹೆಚ್ಚಾಗಿ ಮೂಡಾಯಿ, ಪಡ್ಡಾಯಿ, ತೆನ್ಕಾಯಿ, ಬಡಕಾಯಿಗಳನ್ನು ಬಳಸುತ್ತಾರೆ; ಊರಿನ ಹೆಸರುಗಳಲ್ಲೂ ದಿಕ್ಕು ಸೇರಿಕೊಂಡಿದೆ; ಆದ್ದರಿಂದ ತುಳುವರು ಲೋಕವನ್ನು ಬೇರೆಯೇ ರೀತಿಯಲ್ಲಿ ಗ್ರಹಿಸುತ್ತಾರೆ ಎಂಬುದು ಅದರ ಸಾರ. ನಮ್ಮ ತರಗತಿಗಳಲ್ಲಿ ಈ ವಾದ ಪ್ರತಿವರ್ಷವೂ ಕೇಳಿಬರುತ್ತದೆ. ತುಳುವಿನ ಉಳಿವಿನ ಪರವಾಗಿ ಮಾತನಾಡುವಾಗ ಅದಕ್ಕೆ ಇನ್ನಷ್ಟು ಬಲ ಬರುತ್ತದೆ: ಭಾಷೆ ಅಳಿದರೆ ಒಂದು ಆಲೋಚನಾಕ್ರಮವೂ ಅಳಿಯುತ್ತದೆ ಎಂದು ಹೇಳಲಾಗುತ್ತದೆ. ಈ ಆಶಯದ ಬಗ್ಗೆ ನಮಗೆ ತಕರಾರಿಲ್ಲ. ಆದರೆ ವಾದದ ಮೂರು ಹೆಜ್ಜೆಗಳ ನಡುವೆ ಇರುವ ಬಿರುಕುಗಳನ್ನು ಈ ಲೇಖನದಲ್ಲಿ ಪರಿಶೀಲಿಸಲು ಬಯಸುತ್ತೇವೆ.

ಮೊದಲು ಪದಗಳನ್ನೇ ನೋಡೋಣ. ಕನ್ನಡ ಮತ್ತು ತುಳುವಿನಲ್ಲಿ ಮೂಡು ಎಂದರೆ ಸೂರ್ಯ ಮೂಡುವ ಕಡೆ, ಪಡು ಎಂದರೆ ಅವನು ಬೀಳುವ ಕಡೆ. ಇಲ್ಲಿ ದಿಕ್ಕಿನ ಕಲ್ಪನೆ ಸೂರ್ಯನನ್ನು ಅವಲಂಬಿಸಿದೆ. ಇದೇ ಕನ್ನಡಿಗರು ಬರವಣಿಗೆಯಲ್ಲಿ ಬಳಸುವ ಪೂರ್ವ, ಪಶ್ಚಿಮ, ದಕ್ಷಿಣಗಳ ಕಲ್ಪನೆ ಬೇರೆ. ಪೂರ್ವ ಎಂದರೆ ಮುಂದಿನದು, ಪಶ್ಚಿಮ ಎಂದರೆ ಹಿಂದಿನದು, ದಕ್ಷಿಣ ಎಂದರೆ ಬಲಗಡೆ; ಸೂರ್ಯೋದಯಕ್ಕೆ ಮುಖಮಾಡಿ ನಿಂತ ದೇಹವೇ ಅಲ್ಲಿ ಅಳತೆಗೋಲು. ತಲಪಾಡಿಯನ್ನು ದಾಟಿ ಕಾಸರಗೋಡಿನ ಮಲಯಾಳಂ ಭಾಷಿಕರ ನಡುವೆ ಹೋದರೆ ಮೂರನೆಯ ಚಿತ್ರ ಎದುರಾಗುತ್ತದೆ. ಅಲ್ಲಿ ಮೂಡಣ ದಿಕ್ಕಿಗೆ ಕಿಳಕ್ಕ್ ಎನ್ನುತ್ತಾರೆ. ಅದರ ಧಾತು ನಮ್ಮ ಕೆಳಗೆ ಎಂಬುದರ ಧಾತುವೇ. ಪದದ ಅರ್ಥ ಇಳಿಜಾರಿನ ಕಡೆ.

ಈ ಮೂರನೆಯ ಚಿತ್ರದ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ತಮಿಳಿನಲ್ಲಿ ಕಿಳಕ್ಕು ಎಂದರೆ ಕೆಳಗಿನ ಕಡೆ, ಮೇರ್ಕು ಎಂದರೆ ಮೇಲಿನ ಕಡೆ. ತಮಿಳು ನೆಲ ಪಶ್ಚಿಮಘಟ್ಟದಿಂದ ಬಂಗಾಳಕೊಲ್ಲಿಯತ್ತ ಇಳಿಯುವುದರಿಂದ ಅಲ್ಲಿ ಪದಕ್ಕೂ ನೆಲಕ್ಕೂ ಹೊಂದಾಣಿಕೆಯಿದೆ. ಆದರೆ ಘಟ್ಟದ ಈ ಕಡೆಗೆ, ಅರಬ್ಬೀ ಸಮುದ್ರದ ದಂಡೆಗೆ ಬಂದಾಗ ನೆಲ ತಿರುವುಮುರುವಾಗುತ್ತದೆ. ಇಲ್ಲಿ ಮೂಡಣಕ್ಕೆ ನಡೆಯುವವನು ಗುಡ್ಡ ಹತ್ತುತ್ತಾನೆ. ಆದರೂ ಮಲಯಾಳಂ ಭಾಷಿಕರು ಏರುವ ದಿಕ್ಕನ್ನು ಇಳಿಜಾರು ಎಂದೇ ಕರೆಯುತ್ತ ಬಂದಿದ್ದಾರೆ. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದ ಕಾಲ್ಡ್‌ವೆಲ್ ಈ ಅಸಂಗತಿಯನ್ನು ಗಮನಿಸಿ, ಮಲಯಾಳಂ ಘಟ್ಟದ ಆಚೆಯಿಂದ ಬಂದದ್ದಕ್ಕೆ ಅದನ್ನು ಪುರಾವೆಯಾಗಿ ಬಳಸಿದನು. ಇನ್ನೂ ಸ್ವಾರಸ್ಯವೆಂದರೆ ಅದೇ ಮಲಯಾಳಂನಲ್ಲಿ ಪಶ್ಚಿಮಕ್ಕೆ ಇರುವ ಪಡಿಞ್ಞಾರ್ ಎಂಬ ಪದ ನೆಲದಿಂದ ಬಂದದ್ದಲ್ಲ, ಸೂರ್ಯನಿಂದ ಬಂದದ್ದು. ಅದರ ಉತ್ತರಾರ್ಧ ನಮ್ಮ ನೇಸರಿನ ಜ್ಞಾತಿಪದ. ಒಂದೇ ಭಾಷೆಯ ಎರಡು ಎದುರುಬದುರು ದಿಕ್ಕುಗಳ ಪೈಕಿ ಒಂದು ಇಳಿಜಾರನ್ನು, ಇನ್ನೊಂದು ಸೂರ್ಯಾಸ್ತವನ್ನು ಹೇಳುತ್ತದೆ.

ಪದದ ಒಳಗಿನ ಚಿತ್ರವೇ ಆಲೋಚನೆಯನ್ನು ಕಟ್ಟುವುದಾಗಿದ್ದರೆ ಕಾಸರಗೋಡಿನ ರೈತ ಪ್ರತಿದಿನವೂ ಎಡವಬೇಕಿತ್ತು. ಅವನು ಎಡವುವುದಿಲ್ಲ. ಗುಡ್ಡದ ನೀರು ಯಾವ ಕಡೆ ಹರಿಯುತ್ತದೆಂಬುದು ಅವನ ನೆರೆಯ ತುಳುವನಿಗೆ ತಿಳಿದಷ್ಟೇ ಚೆನ್ನಾಗಿ ಅವನಿಗೂ ತಿಳಿದಿದೆ. ಹಾಗೆಯೇ ದಕ್ಷಿಣ ಕನ್ನಡ ಎಂದಾಗ ಯಾರೂ ಬಲಗೈಯನ್ನು ನೆನೆಯುವುದಿಲ್ಲ. ತೆಂಕುತಿಟ್ಟಿನ ಮೇಳ ಕುಂದಾಪುರಕ್ಕೆ ಹೋಗಿ ಆಡಿದರೂ ಅದು ತೆಂಕುತಿಟ್ಟೇ. ಪಡುಬಿದ್ರಿ, ಮೂಡುಬಿದಿರೆಗಳ ಹೆಸರನ್ನು ದಿನವೂ ಬಸ್ಸಿನ ಹಲಗೆಯಲ್ಲಿ ಓದುವವರಿಗೆ ಅವುಗಳಲ್ಲಿರುವ ದಿಕ್ಕು ಕಾಣಿಸದೇ ಇರಬಹುದು. ಬಣ್ಣಗಳಲ್ಲೂ ಇದನ್ನೇ ಕಾಣುತ್ತೇವೆ. ಹಸಿರು ಮತ್ತು ಹಸಿ ಒಂದೇ ಮೂಲದವು. ಆದರೆ ಹಸಿ ಗಾಯ ಎನ್ನುವವನು ಗಾಯವನ್ನು ಹಸಿರಾಗಿ ಕಾಣುವುದಿಲ್ಲ. ನೀಲಿ ನಮಗೆ ಸಂಸ್ಕೃತದ ಮೂಲಕ ಬಂದ ಪದವೆಂಬ ಮಾತ್ರಕ್ಕೆ ಅದಕ್ಕೆ ಮುಂಚೆ ಕನ್ನಡಿಗರಿಗೆ ಆಕಾಶದ ಬಣ್ಣ ತಿಳಿದಿರಲಿಲ್ಲವೆಂದು ಹೇಳಲಾಗದು. ವ್ಯುತ್ಪತ್ತಿಯು ಭಾಷೆಯ ಇತಿಹಾಸಕ್ಕೆ ಸಾಕ್ಷಿಯೇ ಹೊರತು ಇಂದು ಮಾತನಾಡುವವನ ಮನಸ್ಸಿಗೆ ಸಾಕ್ಷಿಯಲ್ಲ. ತುಳುನಾಡಿನ ವಾದದ ಮೊದಲ ಹೆಜ್ಜೆ ಇಲ್ಲಿಗೆ ಮುಗಿಯಿತೆಂದೇ ನಮ್ಮ ಅಭಿಪ್ರಾಯ.

ಆದರೆ ವ್ಯುತ್ಪತ್ತಿ ಬಿದ್ದುಹೋದರೆ ಬಳಕೆಯ ಅಭ್ಯಾಸ ಬಿದ್ದಂತಾಗುವುದಿಲ್ಲ. ಲೆವಿನ್ಸನ್ ಮತ್ತು ಅವರ ಸಹೋದ್ಯೋಗಿಗಳ ವಾದ ಗಂಭೀರವಾದದ್ದು ಈ ಕಾರಣಕ್ಕೆ. ಅವರು ಕೇಳಿದ್ದು ಪದದ ಅರ್ಥವನ್ನಲ್ಲ. ಮೇಜಿನ ಮೇಲಿನ ಸಣ್ಣ ವಸ್ತುಗಳ ಬಗ್ಗೆ ಮಾತನಾಡುವಾಗಲೂ ಜನರು ದೇಹಕೇಂದ್ರಿತ ಚೌಕಟ್ಟನ್ನು (ಎಡ–ಬಲ) ಬಳಸುತ್ತಾರೋ ನೆಲಕೇಂದ್ರಿತ ಚೌಕಟ್ಟನ್ನು (ಮೂಡು–ಪಡು, ಏರು–ಇಳಿವು) ಬಳಸುತ್ತಾರೋ ಎಂಬುದನ್ನು. ಅವರ ಪ್ರಯೋಗವನ್ನು ಮಂಗಳೂರಿನ ಒಂದು ಕೋಣೆಗೆ ತಂದು ನೋಡೋಣ. ಮೇಜಿನ ಮುಂದೆ ಒಬ್ಬರು ಮೂಡಣಕ್ಕೆ ಮುಖಮಾಡಿ ನಿಂತಿದ್ದಾರೆ. ಮೇಜಿನ ಮೇಲೆ ಮೂರು ಆಟಿಕೆ ಪ್ರಾಣಿಗಳು ಸಾಲಾಗಿ ತೆಂಕಣಕ್ಕೆ, ಅಂದರೆ ಅವರ ಬಲಕ್ಕೆ, ಮುಖಮಾಡಿವೆ. ಸಾಲನ್ನು ನೆನಪಿಟ್ಟುಕೊಂಡು ಅವರು ಪೂರ್ತಿ ಹಿಂದಕ್ಕೆ ತಿರುಗಿ, ಪಡುವಣಕ್ಕೆ ಮುಖಮಾಡಿ, ಎರಡನೆಯ ಮೇಜಿನ ಮೇಲೆ ಅದೇ ಸಾಲನ್ನು ಇಡಬೇಕು. ಪ್ರಾಣಿಗಳನ್ನು ಮತ್ತೆ ಬಲಕ್ಕೆ ತಿರುಗಿಸಿಟ್ಟರೆ ಅವು ಈಗ ಬಡಗಣವನ್ನು ನೋಡುತ್ತವೆ. ಅದು ದೇಹಕೇಂದ್ರಿತ ಉತ್ತರ. ತೆಂಕಣಕ್ಕೇ ಇಟ್ಟರೆ ಅವು ಎಡಕ್ಕೆ ಬರುತ್ತವೆ. ಅದು ನೆಲಕೇಂದ್ರಿತ ಉತ್ತರ. 1998ರಲ್ಲಿ ಪೆಡರ್ಸನ್ ಮತ್ತಿತರರು ಪ್ರಕಟಿಸಿದ ಹದಿಮೂರು ಭಾಷೆಗಳ ಅಧ್ಯಯನದಲ್ಲಿ ಮಾತಿನ ಚೌಕಟ್ಟಿಗೂ ಈ ಮೂಕ ಕೆಲಸದ ಚೌಕಟ್ಟಿಗೂ ಹೊಂದಾಣಿಕೆ ಕಂಡುಬಂತು.

ಈ ಹೊಂದಾಣಿಕೆಯಿಂದ ಭಾಷೆಯೇ ಕಾರಣವೆಂದು ಹೇಳಬಹುದೇ? ಪೆಡರ್ಸನ್ ಅವರದೇ ತಮಿಳು ಅಧ್ಯಯನ ಇಲ್ಲಿ ಒಂದು ತೊಡಕನ್ನು ಒಡ್ಡುತ್ತದೆ. ಗ್ರಾಮೀಣ ತಮಿಳರು ದಿಕ್ಕುಗಳನ್ನು ಬಳಸಿದರೆ ನಗರದ ತಮಿಳರು ಎಡ–ಬಲಗಳನ್ನು ಬಳಸುತ್ತಾರೆ. ಭಾಷೆ ಒಂದೇ, ವ್ಯಾಕರಣ ಒಂದೇ, ನಿಘಂಟಿನಲ್ಲಿ ಎರಡೂ ಬಗೆಯ ಪದಗಳಿವೆ. ಹಾಗಾದರೆ ವ್ಯತ್ಯಾಸವನ್ನು ತಮಿಳಿಗೆ ಹೊರಿಸಲಾಗದು. ತಮಿಳನ್ನು ಬಳಸುವ ಒಂದು ರೂಢಿಗೆ ಹೊರಿಸಬೇಕು, ಇಲ್ಲವೇ ಆ ರೂಢಿಯನ್ನು ಹುಟ್ಟಿಸಿದ ಗದ್ದೆ, ಬೀದಿ, ಶಾಲೆಗಳಿಗೆ ಹೊರಿಸಬೇಕು. ಮಂಗಳೂರಿನಲ್ಲೂ ಸ್ಥಿತಿ ಇದೇ. ಗದ್ದೆಯಂಚಿನ ಮನೆಯ ಅಜ್ಜಿ ಪಡ್ಡಾಯಿಯ ಬಾಗಿಲು ಹಾಕು ಎಂದರೆ, ಬಹುಮಹಡಿ ಕಟ್ಟಡದಲ್ಲಿ ಬೆಳೆದ ಮೊಮ್ಮಗಳು ಲಿಫ್ಟಿನ ಬಲಗಡೆ ಎನ್ನುತ್ತಾಳೆ. ಇಬ್ಬರೂ ಆಡುವುದು ತುಳುವನ್ನೇ. ಭಾಷೆ ಉಳಿದೂ ಚೌಕಟ್ಟು ಅಳಿಯಬಹುದು ಎಂದಾದರೆ, ಭಾಷೆಯನ್ನು ಉಳಿಸಿದ ಮಾತ್ರಕ್ಕೆ ಆಲೋಚನಾಕ್ರಮ ಉಳಿಯುತ್ತದೆ ಎಂಬ ಎರಡನೆಯ ಹೆಜ್ಜೆಯೂ ಸಡಿಲವಾಗುತ್ತದೆ.

2002ರಲ್ಲಿ ಲೀ ಮತ್ತು ಗ್ಲೈಟ್‌ಮನ್ ಇನ್ನೊಂದು ದಿಕ್ಕಿನಿಂದ ಆಕ್ಷೇಪ ಎತ್ತಿದರು. ಮೇಜಿನ ತುದಿಯಲ್ಲಿ ಸಣ್ಣದೊಂದು ಆಟಿಕೆ ಕೊಳವನ್ನು ಗುರುತಾಗಿ ಇಟ್ಟಾಗ ಇಂಗ್ಲಿಷ್ ಭಾಷಿಕ ವಿದ್ಯಾರ್ಥಿಗಳೂ ಎಡ–ಬಲ ಬಿಟ್ಟು ಗುರುತನ್ನು ಅನುಸರಿಸಿದರು. ಗುರುತನ್ನು ಅನುಸರಿಸುವುದೂ ದಿಕ್ಕನ್ನು ಅನುಸರಿಸುವುದೂ ಬೇರೆ ಬೇರೆ, ಪೂರ್ತಿ ಹಿಂದಿರುಗುವ ಬದಲು ಕಾಲುಭಾಗ ಮಾತ್ರ ತಿರುಗಿಸಿದರೆ ಈ ವ್ಯತ್ಯಾಸ ಬಯಲಾಗುತ್ತದೆ ಎಂದು ಲೆವಿನ್ಸನ್ ತಂಡ ಉತ್ತರಿಸಿತು. ಈ ಉತ್ತರ ಸರಿಯೆಂದು ನಾವು ಒಪ್ಪುತ್ತೇವೆ. ಆದರೆ ಪ್ರಯೋಗದ ಮೂಲದಲ್ಲಿರುವ ಒಂದು ದೋಷ ಇದರಿಂದ ಸರಿಹೋಗುವುದಿಲ್ಲ: ಅದೇ ಸಾಲು ಎಂದರೆ ಏನು? ಎರಡು ಉತ್ತರಗಳೂ ಸರಿಯೇ ಆಗಿರುವಾಗ, ಪ್ರಯೋಗಕರ್ತನು ಯಾವುದನ್ನು ಬಯಸುತ್ತಾನೆಂದು ಭಾಗಿಯು ಊಹಿಸಬೇಕಾಗುತ್ತದೆ, ಆ ಊಹೆಗೆ ತನ್ನ ಊರಿನ ಮಾತಿನ ರೂಢಿಯನ್ನೇ ಆಧರಿಸುತ್ತಾನೆ. 2011ರಲ್ಲಿ ಲೀ ಮತ್ತವರ ಸಹೋದ್ಯೋಗಿಗಳು ಮೆಕ್ಸಿಕೊದ ತ್ಸೆಲ್ತಾಲ್ ಭಾಷಿಕರಿಗೆ ಒಂದೇ ಸರಿಯುತ್ತರವುಳ್ಳ ಕೆಲಸಗಳನ್ನು ಕೊಟ್ಟಾಗ, ನೆಲದ ಏರಿಳಿತದಿಂದ ದಿಕ್ಕು ಹೇಳುವ ಆ ಜನರು ದೇಹಕೇಂದ್ರಿತ ಕೆಲಸಗಳನ್ನೂ ಚೆನ್ನಾಗಿಯೇ ಮಾಡಿದರು. ಅವರ ಸಾಮರ್ಥ್ಯಕ್ಕೆ ಭಾಷೆ ಗಡಿ ಹಾಕಿರಲಿಲ್ಲ.

ಹಾಗಾದರೆ ಸಾಪೇಕ್ಷತಾವಾದದಲ್ಲಿ ಉಳಿಯುವುದೇನು? ಇದಕ್ಕೆ ಹೆಚ್ಚು ಸ್ಪಷ್ಟವಾದ ಉತ್ತರ ಬಣ್ಣಗಳ ಅಧ್ಯಯನದಿಂದ ಬಂದಿದೆ. ರಷ್ಯನ್ ಭಾಷೆಯಲ್ಲಿ ಕಡುನೀಲಿಗೆ ಸೀನಿ, ತಿಳಿನೀಲಿಗೆ ಗೊಲುಬೋಯ್ ಎಂಬ ಎರಡು ಮೂಲಪದಗಳಿವೆ. ನಮ್ಮ ಆಕಾಶನೀಲಿಯಂತೆ ಅವು ನೀಲಿಯ ಉಪಭೇದಗಳಲ್ಲ. 2007ರಲ್ಲಿ ವಿನಾವರ್ ಮತ್ತಿತರರು ಮೂರು ನೀಲಿ ಚೌಕಗಳನ್ನು ತೋರಿಸಿ, ಕೆಳಗಿನ ಎರಡರಲ್ಲಿ ಮೇಲಿನದಕ್ಕೆ ಸಮನಾದದ್ದು ಯಾವುದೆಂದು ಕೇಳಿದರು. ಕೆಳಗಿನ ಎರಡು ಚೌಕಗಳು ಈ ಎರಡು ಪದಗಳ ಆಚೀಚೆ ಬಿದ್ದಾಗ ರಷ್ಯನ್ನರು ತುಸು ಬೇಗ ಉತ್ತರಿಸಿದರು. ಇಂಗ್ಲಿಷ್ ಭಾಷಿಕರಲ್ಲಿ ಈ ಲಾಭ ಕಾಣಲಿಲ್ಲ. ಅನಂತರದ ಹೆಜ್ಜೆಯೇ ಮುಖ್ಯವಾದದ್ದು. ಅಂಕಿಗಳ ಸಾಲೊಂದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಅದೇ ಕೆಲಸವನ್ನು ಮಾಡಿದಾಗ ರಷ್ಯನ್ನರ ಲಾಭ ಮಾಯವಾಯಿತು. ಅಂಕಿಗಳ ಬದಲು ಚೌಕುಳಿಯ ವಿನ್ಯಾಸವೊಂದನ್ನು ನೆನಪಿಡುವಂತೆ ಮಾಡಿದಾಗ ಅದು ಮಾಯವಾಗಲಿಲ್ಲ. ಅಂದರೆ ಅವರ ಕಣ್ಣು ಬದಲಾಗಿರಲಿಲ್ಲ. ಆ ಕ್ಷಣದಲ್ಲಿ ಒಳಗೊಳಗೇ ಮೂಡುವ ಹೆಸರು ಕೆಲಸಕ್ಕೆ ಕೈಜೋಡಿಸುತ್ತಿತ್ತು, ಆ ಹೆಸರಿನ ದಾರಿಯನ್ನು ಅಂಕಿಗಳಿಂದ ಮುಚ್ಚಿದಾಗ ನೆರವು ನಿಂತುಹೋಯಿತು. ವೋರ್ಫನ ಹೆಸರಿನಲ್ಲಿ ಪ್ರಚಾರವಾದ ಭವ್ಯ ವಾದಕ್ಕೆ ಹೋಲಿಸಿದರೆ ಇದು ಸಣ್ಣ ಫಲಿತಾಂಶ. ಆದರೆ ಕಾರಣವನ್ನು ಬೆರಳಿಟ್ಟು ತೋರಿಸುತ್ತದೆ.

ದಿಕ್ಕುಗಳ ಅಧ್ಯಯನಕ್ಕೂ ಇದೇ ಉಪಾಯವನ್ನು ಬಳಸಬೇಕೆಂಬುದು ನಮ್ಮ ಸಲಹೆ. ಅದಕ್ಕೆ ಮಂಗಳೂರು ಮತ್ತು ಕಾಸರಗೋಡುಗಳ ನಡುವಿನ ಕರಾವಳಿ ತಕ್ಕ ನೆಲ. ಪಡುವಣಕ್ಕೆ ಕಡಲು, ಮೂಡಣಕ್ಕೆ ಏರು ಎಂಬುದು ಎಲ್ಲ ಭಾಷಿಕರಿಗೂ ಸಮಾನ. ಅಜ್ಜಿಯೂ ಮೊಮ್ಮಗಳೂ ಇರುವ ತುಳು ಮನೆಗಳಲ್ಲಿ ಭಾಷೆಯೂ ಸಮಾನ. ಬೇರೆಯಾಗಿರುವುದು ರೂಢಿ ಮಾತ್ರ. ಆದರೆ ರೂಢಿಯ ಜೊತೆಗೆ ವಯಸ್ಸು, ಶಾಲೆ, ಒಳಾಂಗಣದ ಬದುಕು ಎಲ್ಲವೂ ಬದಲಾಗುವುದರಿಂದ ಇಬ್ಬರ ಉತ್ತರಗಳನ್ನು ಹೋಲಿಸಿದರೆ ಸಾಲದು. ಅಜ್ಜಿಯ ಉತ್ತರವನ್ನು ಅಜ್ಜಿಯ ಉತ್ತರದೊಂದಿಗೇ ಹೋಲಿಸಬೇಕು: ಒಮ್ಮೆ ಸುಮ್ಮನೆ, ಒಮ್ಮೆ ಅಂಕಿಗಳನ್ನು ಹೇಳಿಕೊಳ್ಳುತ್ತಾ, ಒಮ್ಮೆ ಕೈಯಲ್ಲಿ ತಾಳ ಹಾಕುತ್ತಾ. ಅಂಕಿಗಳು ಮಾತ್ರ ಅವರ ನೆಲಕೇಂದ್ರಿತ ಉತ್ತರವನ್ನು ಕೆಡಿಸಿದರೆ ಆ ಕ್ಷಣದ ಒಳಮಾತಿಗೆ ಪಾತ್ರವಿದೆ ಎನ್ನಬಹುದು. ತಾಳವೂ ಕೆಡಿಸಿದರೆ ಅದು ಬರಿಯ ಗಮನದ ಹೊರೆ. ಎರಡೂ ಕೆಡಿಸದಿದ್ದರೆ ಚೌಕಟ್ಟು ಮಾತಿನ ಹಂಗಿಲ್ಲದೆ ನೆಲೆಸಿದೆ ಎಂದರ್ಥ. ಆಗಲೂ ಬಾಲ್ಯದಲ್ಲಿ ಅದನ್ನು ನೆಲೆಗೊಳಿಸಿದ್ದು ಭಾಷೆಯೋ ಗದ್ದೆಯೋ ಎಂಬ ಪ್ರಶ್ನೆ ತೆರೆದೇ ಇರುತ್ತದೆ, ಅದಕ್ಕೆ ಮಕ್ಕಳ ಅಧ್ಯಯನ ಬೇಕು.

ಪ್ರಯೋಗ ಮಾಡುವವರಿಗೆ ಎರಡು ಎಚ್ಚರಿಕೆಗಳು ಅಗತ್ಯ. ಸೂಚನೆಯನ್ನು ಶಾಲೆಯ ಕನ್ನಡದಲ್ಲಿ ಕೊಟ್ಟರೆ ಶಾಲೆಯ ಎಡ–ಬಲವೇ ಉತ್ತರವಾಗಿ ಬರುವ ಸಾಧ್ಯತೆಯಿದೆ. ಆದ್ದರಿಂದ ಅದನ್ನು ಮನೆಮಾತಿನಲ್ಲಿ, ಯಾವ ದಿಕ್ಕಿನ ಪದವೂ ಇಲ್ಲದಂತೆ ಕೊಡಬೇಕು. ಮೇಜನ್ನು ಗೋಡೆಗೆ ಸಮಾನಾಂತರವಾಗಿ ಇಟ್ಟರೆ ಪಡ್ಡಾಯಿಯ ಬಾಗಿಲೇ ಆಟಿಕೆ ಕೊಳದಂತೆ ಗುರುತಾಗಿಬಿಡುತ್ತದೆ. ಹಾಗಾಗಿ ಎರಡನೆಯ ಮೇಜು ಬೇರೊಂದು ಕೋಣೆಯಲ್ಲಿರಬೇಕು, ಕೆಲವು ಸರದಿಗಳಲ್ಲಾದರೂ ತಿರುವು ಕಾಲುಭಾಗದ್ದಾಗಿರಬೇಕು.