ಉತ್ತರ ಬಚ್ಚಿಡುವ ಪಾಠಗಳು

ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಕಾಪಿ ಮಾಡಿ ಇಮೇಲಿಗೆ ಪೇಸ್ಟ್ ಮಾಡಿದರೆ ‘ಕನ್ನಡ’ ಎಂಬ ಪದ PÀ£ÀßqÀ ಎಂದು ಕಾಣುತ್ತದೆ. ಡಿಟಿಪಿ ಅಂಗಡಿಯವರಿಗೆ, ಕಚೇರಿಯ ಟೈಪಿಸ್ಟರಿಗೆ ಇದು ಹಳೆಯ ಪರಿಚಯ. ಮೊದಲ ಸಲ ಕಂಡವರು ಮಾತ್ರ ಗಾಬರಿಯಿಂದ ಯೂಟ್ಯೂಬ್ ತೆರೆಯುತ್ತಾರೆ. ಅಲ್ಲಿ ಎದುರಾಗುವ ಪಾಠಗಳ ಚಹರೆ ಬಹುಮಟ್ಟಿಗೆ ಒಂದೇ: ಬಾಯಿ ತೆರೆದು ಬೆರಗಾದ ಮುಖ, ಕೆಂಪು ಬಾಣ, ಹಳದಿ ಅಕ್ಷರದಲ್ಲಿ ‘ಈ ಟ್ರಿಕ್ ಯಾರಿಗೂ ಗೊತ್ತಿಲ್ಲ’. ಒತ್ತಿದರೆ ಲೋಗೋ ತಿರುಗುತ್ತದೆ, ಸಂಗೀತ ಬರುತ್ತದೆ, ನಮಸ್ಕಾರವಾಗುತ್ತದೆ, ಸಬ್‌ಸ್ಕ್ರೈಬ್ ಮಾಡಿ ಬೆಲ್ ಐಕಾನ್ ಒತ್ತಬೇಕೆಂಬ ಕೋರಿಕೆ ಬರುತ್ತದೆ. ತೊಂದರೆಯ ಮಾತು ಶುರುವಾಗುವ ಹೊತ್ತಿಗೆ ಮುಕ್ಕಾಲು ನಿಮಿಷ ಕಳೆದಿರುತ್ತದೆ.

ಈ ಅಚ್ಚು ಕೆಲಸಕ್ಕೆ ಬಾರದ್ದೆಂದಲ್ಲ. ಅದು ಬೇರೆ ಜಾತಿಯ ವಿಡಿಯೋಗೆ ಸೇರಿದ್ದು. ವಿಜ್ಞಾನದ ವಿಡಿಯೋಗಳಿಗೆ ಹೆಸರಾದ ‘ವೆರಿಟೇಸಿಯಂ’ ಚಾನೆಲ್ಲಿನ ಡೆರೆಕ್ ಮುಲ್ಲರ್ 2021ರಲ್ಲಿ ಕ್ಲಿಕ್‌ಬೈಟ್ ಬಗ್ಗೆಯೇ ಒಂದು ವಿಡಿಯೋ ಮಾಡಿದರು. ಒಳಗಿನ ವಿಷಯ ಗಟ್ಟಿಯಾಗಿದ್ದು, ಕೊಟ್ಟ ಮಾತು ಉಳಿಯುವುದಾದರೆ ಕುತೂಹಲ ಕೆರಳಿಸುವ ಶೀರ್ಷಿಕೆ, ಥಂಬ್‌ನೇಲ್ ತಪ್ಪಲ್ಲ ಎಂಬುದು ಅವರ ವಾದದ ತಿರುಳು. ಅವರದೇ ವಿಡಿಯೋಗಳ ಮಟ್ಟಿಗೆ ಈ ವಾದ ಸರಿಯಾಗಿಯೇ ನಿಲ್ಲುತ್ತದೆ. ಲಾಸ್ ಏಂಜಲೀಸ್‌ನ ಜಲಾಶಯವೊಂದರ ಮೇಲೆ 9.6 ಕೋಟಿ ಕಪ್ಪು ಚೆಂಡುಗಳು ಏಕೆ ತೇಲುತ್ತಿವೆ ಎಂದು ಅವರು ಕೇಳುವವರೆಗೆ ನೋಡುಗನಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಚಿತ್ರ ನೋಡಿದ ಮೇಲೆ ಹುಟ್ಟಿತು. ಹುಟ್ಟಿದ್ದರಿಂದಲೇ ಉತ್ತರಕ್ಕಾಗಿ ಕಾಯುತ್ತಾನೆ.

ಪಾಠದ ವಿಡಿಯೋಗೆ ಬರುವವನು ಪ್ರಶ್ನೆಯನ್ನು ಮನೆಯಿಂದಲೇ ತಂದಿರುತ್ತಾನೆ. ಅವನಿಗೆ ಗೊತ್ತಾಗಬೇಕಾದದ್ದು ಒಂದೇ: ಇದು ನನ್ನ ತೊಂದರೆಯದ್ದೇ ವಿಡಿಯೋನಾ? ಬೆರಗಾದ ಮುಖ ಇದಕ್ಕೆ ಉತ್ತರ ಕೊಡುವುದಿಲ್ಲ. ಥಂಬ್‌ನೇಲಿನ ಎಡಕ್ಕೆ PÀ£ÀßqÀ, ಬಲಕ್ಕೆ ‘ಕನ್ನಡ’, ನಡುವೆ ಒಂದು ಬಾಣ ಇಟ್ಟರೆ ಅದು ಕೊಡುತ್ತದೆ. ಈ ವಿಚಿತ್ರ ಅಕ್ಷರಗಳನ್ನು ಈಗಷ್ಟೇ ತನ್ನ ಪರದೆಯಲ್ಲಿ ಕಂಡವನು ಒಂದು ಪದವನ್ನೂ ಓದದೆ ಗುರುತು ಹಿಡಿಯುತ್ತಾನೆ. ತೊಂದರೆ ಇಲ್ಲದವನು ಮುಂದೆ ಹೋಗುತ್ತಾನೆ. ಅವನು ಹೋಗುವುದೂ ಒಳ್ಳೆಯದೇ, ಏಕೆಂದರೆ ಬಂದು ಐದೇ ಸೆಕೆಂಡಿಗೆ ಹೊರಡುವವನಿಂದ ವಿಡಿಯೋಗೆ ಲಾಭವಿಲ್ಲ. 2012ರಿಂದ ಯೂಟ್ಯೂಬ್ ಬರೀ ಕ್ಲಿಕ್ಕಿಗಿಂತ ನೋಡಿದ ಸಮಯಕ್ಕೆ ಹೆಚ್ಚು ಬೆಲೆ ಕೊಡುತ್ತಿದೆ. ಒಂದೇ ವಿಡಿಯೋಗೆ ಮೂರು ಥಂಬ್‌ನೇಲ್ ಹಾಕಿ ಹೋಲಿಸುವ ಅದರ ಸೌಲಭ್ಯವೂ ಗೆದ್ದದ್ದು ಯಾವುದೆಂದು ತೀರ್ಮಾನಿಸುವುದು ನೋಡಿದ ಸಮಯದ ಪಾಲಿನಿಂದ.

ಕನ್ನಡದ ಥಂಬ್‌ನೇಲಿಗೆ ಇನ್ನೊಂದು ಕಷ್ಟವಿದೆ. ಇಂಗ್ಲಿಷಿನಲ್ಲಿ ದೊಡ್ಡಕ್ಷರಗಳೆಲ್ಲ ಒಂದೇ ಎತ್ತರ. ದಪ್ಪ ಅಂಚು ಕಟ್ಟಿದರೂ ಓದಬಹುದು. ಕನ್ನಡದಲ್ಲಿ ಒತ್ತು ಕೆಳಗಿಳಿಯುತ್ತದೆ, ಗುಣಿಸು ಮೇಲೇರುತ್ತದೆ. ಅದೇ ದಪ್ಪ ಅಂಚು ಕಟ್ಟಿದರೆ ಅಕ್ಷರದ ಹೊಟ್ಟೆ ತುಂಬಿಹೋಗಿ ದ, ಧ, ಥ ಒಂದೇ ಆಗುತ್ತವೆ. ಸಾಲುಗಳನ್ನು ಹತ್ತಿರ ತಂದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. 1280x720 ಅಳತೆಯಲ್ಲಿ ಕಂಪ್ಯೂಟರ್ ಮೇಲೆ ವಿನ್ಯಾಸ ಮಾಡುವಾಗ ಇದು ಕಣ್ಣಿಗೆ ಬೀಳುವುದೇ ಇಲ್ಲ. ಚಿತ್ರವನ್ನು ಫೋನಿಗೆ ಕಳಿಸಿ, ಹೆಬ್ಬೆರಳಿನಷ್ಟು ಚಿಕ್ಕದು ಮಾಡಿ, ಕೈ ಚಾಚಿ ಹಿಡಿದು ನೋಡಿದರೆ ಬೀಳುತ್ತದೆ. ಹಾಗೆ ನೋಡಿದವರು ಸಾಮಾನ್ಯವಾಗಿ ಅಂಚನ್ನು ತೆಗೆದು ಅಕ್ಷರದ ಹಿಂದೆ ಗಾಢ ಬಣ್ಣದ ಪಟ್ಟಿ ಹಾಕುತ್ತಾರೆ, ಪದಗಳನ್ನು ಮೂರಕ್ಕೆ ಇಳಿಸುತ್ತಾರೆ. ಬಲಗಡೆಯ ಕೆಳಮೂಲೆಯನ್ನು ಖಾಲಿ ಬಿಡಬೇಕು. ವಿಡಿಯೋ ಎಷ್ಟು ನಿಮಿಷದ್ದೆಂಬ ಅಂಕಿ ಅಲ್ಲೇ ಕೂರುತ್ತದೆ.

ಇನ್ನು ಆರಂಭ. ಇದೇ ಪಾಠದ ಮೊದಲ ಹದಿನೈದು ಸೆಕೆಂಡನ್ನು ಹೀಗೆ ಕಟ್ಟಬಹುದು. ತೆರೆದ ಕೂಡಲೇ ಪರದೆ ತುಂಬ ಹಿಗ್ಗಿಸಿದ ಇಮೇಲ್ ಪೆಟ್ಟಿಗೆ, ಅದರಲ್ಲಿ ಥಂಬ್‌ನೇಲಿನಲ್ಲಿ ಕಂಡ ಅದೇ PÀ£ÀßqÀ. ಧ್ವನಿ: ‘ನುಡಿಯಲ್ಲಿ ಟೈಪ್ ಮಾಡಿದ್ದು ನಿಮಗೂ ಹೀಗೇ ಕಾಣ್ತಿದೆಯಾ?’ ನಾಲ್ಕನೇ ಸೆಕೆಂಡಿಗೆ ಅದು ಕನ್ವರ್ಟರಿನ ಪೆಟ್ಟಿಗೆಗೆ ಹೋಗುತ್ತದೆ, ಗುಂಡಿ ಒತ್ತುತ್ತಾರೆ, ‘ಕನ್ನಡ’ ಮೂಡುತ್ತದೆ. ಎಂಟನೇ ಸೆಕೆಂಡಿನಿಂದ ಎಚ್ಚರಿಕೆ: ‘ನಡುವೆ ಇಂಗ್ಲಿಷ್ ಪದಗಳಿದ್ದರೆ ಅವೂ ಕೆಟ್ಟು ಕನ್ನಡ ಅಕ್ಷರ ಆಗಿಬಿಡ್ತವೆ. ಅದನ್ನ ತಪ್ಪಿಸೋದು ಹೇಗೆ ಅಂತ ಎರಡನೇ ನಿಮಿಷದಲ್ಲಿದೆ.’ ಅಷ್ಟೇ. ನಮಸ್ಕಾರಕ್ಕೆ ಇದರ ನಂತರವೂ ಜಾಗವಿದೆ.

ಇಲ್ಲಿ ಉತ್ತರವನ್ನು ಎಂಟೇ ಸೆಕೆಂಡಿನಲ್ಲಿ ಕೊಟ್ಟಾಯಿತಲ್ಲ, ಇನ್ನು ಯಾರು ಕೂರುತ್ತಾರೆ ಎಂಬ ಆಕ್ಷೇಪ ಬರುತ್ತದೆ. ಫಲಿತಾಂಶ ತೋರಿಸುವುದಕ್ಕೂ ದಾರಿ ಹೇಳಿಕೊಡುವುದಕ್ಕೂ ಇರುವ ಅಂತರವನ್ನು ಈ ಆಕ್ಷೇಪ ಮರೆಯುತ್ತದೆ. ಇಂಗ್ಲಿಷ್ ಪದದ ಎಚ್ಚರಿಕೆಯನ್ನು ಕೇಳಿದವನಿಗೆ ಈ ಪಾಠ ಮಾಡುವವರು ನಿಜವಾದ ಕಡತದ ಜತೆ ಹೆಣಗಿದ್ದಾರೆ ಎಂಬ ನಂಬಿಕೆ ಬರುತ್ತದೆ. ಅವನು ಕೂರುವುದು ಆ ನಂಬಿಕೆಯ ಮೇಲೆ. ಹೋಮ್ ಪುಟದಲ್ಲಿ ವಿಡಿಯೋ ಸದ್ದಿಲ್ಲದೆ ತಾನಾಗಿ ಓಡತೊಡಗುವಾಗಲೂ ಈ ಆರಂಭಕ್ಕೆ ಅರ್ಥವಿದೆ. ತಿರುಗುವ ಲೋಗೋಗೆ ಇಲ್ಲ.

ಫಲಿತಾಂಶವನ್ನು ಕೊನೆಯವರೆಗೆ ಹಿಡಿದಿಟ್ಟು ನೋಡುಗನನ್ನು ಕಟ್ಟಿಹಾಕುವ ಪದ್ಧತಿ ಈ ವಿಮರ್ಶೆಯ ಮಟ್ಟಿಗೆ ಅನ್ಯಾಯ. ಅದು ಪಾಠದ ನೋಡುಗನ ಸ್ವಭಾವಕ್ಕೂ ಒಗ್ಗುವುದಿಲ್ಲ. ಎಡ್ಎಕ್ಸ್ ಕೋರ್ಸುಗಳ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿ ಫಿಲಿಪ್ ಗೋ, ಜುಹೊ ಕಿಮ್, ರಾಬ್ ರೂಬಿನ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಂತ ಹಂತವಾಗಿ ಮಾಡಿ ತೋರಿಸುವ ವಿಡಿಯೋ ಎಷ್ಟೇ ಉದ್ದವಿದ್ದರೂ ವಿದ್ಯಾರ್ಥಿಗಳು ನೋಡುತ್ತಿದ್ದದ್ದು ಎರಡು ಮೂರು ನಿಮಿಷ. ಉಪನ್ಯಾಸಕ್ಕಿಂತ ಇವನ್ನು ಮತ್ತೆ ಬಂದು ನೋಡುವುದೇ ಹೆಚ್ಚಾಗಿತ್ತು. ಬೇಕಾದ ಹೆಜ್ಜೆಗೆ ಹಾರಿ, ಅದನ್ನು ಮಾಡಿ, ಮತ್ತೆ ಬರುವುದು ಅವರ ರೀತಿ.

ಆದ್ದರಿಂದ ಯೂಟ್ಯೂಬ್ ಸ್ಟುಡಿಯೋದ ರಿಟೆನ್ಷನ್ ರೇಖೆಯನ್ನೂ ಬೇರೆಯಾಗಿಯೇ ಓದಬೇಕು. ಮೂವತ್ತನೇ ಸೆಕೆಂಡಿಗೆ ಎಷ್ಟು ಪಾಲು ಜನ ಉಳಿದಿದ್ದಾರೆ ಎಂಬುದನ್ನು ಅದು ತೋರಿಸುತ್ತದೆ. ಕ್ಲಿಕ್ ಚೆನ್ನಾಗಿದ್ದು, ಮೊದಲ ಹದಿನೈದು ಸೆಕೆಂಡಿನಲ್ಲೇ ರೇಖೆ ಧಡಕ್ಕನೆ ಬಿದ್ದಿದ್ದರೆ ಥಂಬ್‌ನೇಲ್ ಕೊಟ್ಟ ಮಾತು ಒಳಗೆ ಸಿಕ್ಕಿಲ್ಲ, ಅಥವಾ ಸಿಗುವುದು ತಡವಾಗಿದೆ ಎಂದರ್ಥ. ಬಂದವರು ನಿಲ್ಲುತ್ತಿದ್ದು ಬರುವವರೇ ಕಡಿಮೆಯಿದ್ದರೆ ಮೊದಲು ಅನುಮಾನಿಸಬೇಕಾದದ್ದು ಥಂಬ್‌ನೇಲನ್ನು. ಒಂದು ಕಡೆ ತಗ್ಗು, ಅದರ ಮುಂದೆಯೇ ದಿಬ್ಬ ಕಂಡರೆ ಜನ ಪೀಠಿಕೆ ಹಾರಿಸಿ ಹೆಜ್ಜೆಗೆ ಹೋಗಿದ್ದಾರೆ. ಆ ದಿಬ್ಬದಲ್ಲಿರುವ ದೃಶ್ಯವೇ ಹಲವು ಸಲ ಮುಂದಿನ ಥಂಬ್‌ನೇಲಿಗೆ ತಕ್ಕ ಚಿತ್ರ. ಮೂವತ್ತು ನಲವತ್ತು ಜನ ನೋಡಿದ ವಿಡಿಯೋದ ರೇಖೆಯಿಂದ ಮಾತ್ರ ಏನನ್ನೂ ತೀರ್ಮಾನಿಸಬಾರದು. ಇಬ್ಬರು ಹೊರಟರೂ ಅದು ಬೀಳುತ್ತದೆ.

ಹಳೆಯ ವಿಡಿಯೋಗಳಿಗೂ ಮದ್ದಿದೆ. ಥಂಬ್‌ನೇಲನ್ನು ಯಾವಾಗ ಬೇಕಾದರೂ ಬದಲಿಸಬಹುದು. ಆರಂಭವನ್ನು ಮತ್ತೆ ಚಿತ್ರಿಸಿ ಸೇರಿಸಲಾಗದು, ಆದರೆ ಸ್ಟುಡಿಯೋದ ಎಡಿಟರಿನಲ್ಲಿ ಮುಕ್ಕಾಲು ನಿಮಿಷದ ಪೀಠಿಕೆಯನ್ನು ಕತ್ತರಿಸಿ ತೆಗೆಯಬಹುದು. ಲಿಂಕ್ ಬದಲಾಗುವುದಿಲ್ಲ, ವೀಕ್ಷಣೆಯ ಎಣಿಕೆಯೂ ಉಳಿಯುತ್ತದೆ. ಕತ್ತರಿಸಿದ ಮೇಲೆ ವಿವರಣೆಯಲ್ಲಿ ಕೊಟ್ಟ ಅಧ್ಯಾಯಗಳ ಸಮಯವನ್ನು ಅಷ್ಟೇ ಸೆಕೆಂಡು ಹಿಂದಕ್ಕೆ ಸರಿಸಿ, ಮೊದಲನೆಯದು 0:00 ಇದೆಯೇ ಎಂದು ನೋಡಿಕೊಳ್ಳಬೇಕು. ಅದಿಲ್ಲದಿದ್ದರೆ ಅಧ್ಯಾಯಗಳು ಕಾಣಿಸುವುದೇ ಇಲ್ಲ, ಇಂಗ್ಲಿಷ್ ಪದ ಉಳಿಸುವ ಹೆಜ್ಜೆಯನ್ನು ಹುಡುಕಿ ಬಂದವನು ಇಡೀ ವಿಡಿಯೋವನ್ನು ಎಳೆದಾಡಬೇಕಾಗುತ್ತದೆ.