ಹಿರೇಕೆರೂರಿನ 555 ಮತ ಮತ್ತು ಸ್ಕ್ರೀನ್‌ಶಾಟಿನ ಪಿಕ್ಸೆಲ್

ಚುನಾವಣೆ ಮುಗಿದ ಸಂಜೆ ಮೊಬೈಲಿಗೆ ಬರುವ ಬಾರ್ ಚಾರ್ಟ್‌ಗಳಲ್ಲಿ ಎಷ್ಟೋ ಸಲ ಕಂಬಗಳಿರುತ್ತವೆ, ಅಂಕಿ ಇರುವುದಿಲ್ಲ. ಕಂಬಗಳನ್ನು ಅಳೆದು ಪಟ್ಟಿ ಮಾಡುವವರನ್ನು ನಾನು ಮೆಚ್ಚುತ್ತೇನೆ. ಆದರೆ ಹಾಗೆ ಅಳೆದದ್ದನ್ನು 72,437 ಎಂದು ಕೊನೆಯ ಅಂಕಿಯವರೆಗೂ ಬರೆದರೆ ಆ ಪಟ್ಟಿಯನ್ನು ಒಪ್ಪಲಾರೆ. ಚಿತ್ರದಲ್ಲಿ ಇಲ್ಲದ ನಿಖರತೆ ಪಟ್ಟಿಗೆ ಎಲ್ಲಿಂದ ಬಂತು?

2018ರ ವಿಧಾನಸಭಾ ಚುನಾವಣೆಯಲ್ಲಿ ಹಿರೇಕೆರೂರು ಕ್ಷೇತ್ರದಲ್ಲಿ ಬಿ.ಸಿ. ಪಾಟೀಲರು 72,461 ಮತ ಪಡೆದು, 71,906 ಮತ ಪಡೆದ ಯು.ಬಿ. ಬಣಕಾರರನ್ನು 555 ಮತಗಳಿಂದ ಸೋಲಿಸಿದರು. ಇವೆರಡಕ್ಕೂ ಕಂಬ ಎಳೆದು, ನಿಜವಾದ ಅಂಕಿ ಗೊತ್ತಿಲ್ಲವೆಂದುಕೊಂಡು ಅಳೆಯೋಣ. ಸೊನ್ನೆಯ ಗೆರೆ ಚಿತ್ರದ ಮೇಲಂಚಿನಿಂದ 460ನೇ ಪಿಕ್ಸೆಲ್‌ನಲ್ಲಿದೆ, 80,000ದ ಗೆರೆ 60ನೇ ಪಿಕ್ಸೆಲ್‌ನಲ್ಲಿದೆ. ನಡುವೆ 400 ಪಿಕ್ಸೆಲ್. ಅಂದರೆ ಪಿಕ್ಸೆಲ್‌ಗೆ 200 ಮತ. ಕಂಬಗಳ ತಲೆ 98 ಮತ್ತು 100ರಲ್ಲಿ ಸಿಗುತ್ತದೆ. 460ರಿಂದ ಕಳೆದು 200ರಿಂದ ಗುಣಿಸಿದರೆ 72,400 ಮತ್ತು 72,000.

ಕಂಬದ ತಲೆ ಗುರುತಿಸುವಾಗ ಒಂದು ಪಿಕ್ಸೆಲ್, ಅಕ್ಷದ ಗೆರೆ ಗುರುತಿಸುವಾಗ ಇನ್ನೊಂದು ತಪ್ಪಬಹುದು. ಎರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ಸುಮಾರು 283 ಮತ. ಪಟ್ಟಿಯಲ್ಲಿ ಅದನ್ನು 300 ಎನ್ನಬೇಕು:

| ಅಭ್ಯರ್ಥಿ | ಅಳತೆಯ ಮತ | ಹೆಚ್ಚುಕಡಿಮೆ |
|---|---|---|
| ಪಾಟೀಲ | 72,400 | ± 300 |
| ಬಣಕಾರ | 72,000 | ± 300 |

ಅಂತರದ ಲೆಕ್ಕವೇ ಬೇರೆ. ಅಕ್ಷದ ತಪ್ಪು ಎರಡೂ ಕಂಬಗಳನ್ನು ಸರಿಸುಮಾರು ಒಂದೇ ಸಮ ಎತ್ತುತ್ತದೆ ಅಥವಾ ಇಳಿಸುತ್ತದೆ, ಆದ್ದರಿಂದ ಕಳೆಯುವಾಗ ಅದು ಹೋಗಿಬಿಡುತ್ತದೆ. ಉಳಿಯುವುದು ಎರಡು ತಲೆಗಳ ತಪ್ಪು ಮಾತ್ರ: 400 ± 300. ನಿಜವಾದ 555 ಇದರೊಳಗೇ ಇದೆ. ಗೆದ್ದವರು ಯಾರೆಂದು ತಕ್ಕಮಟ್ಟಿಗೆ ಹೇಳಬಹುದು, ಎಷ್ಟರಿಂದ ಎಂದು ಹೇಳಲಾಗದು.

ಅದೇ ಚಿತ್ರ ಹಂಚಿಕೆಯಾಗುತ್ತ ಅರ್ಧಕ್ಕೆ ಕುಗ್ಗಿತೆನ್ನಿ. ಪಿಕ್ಸೆಲ್‌ಗೆ 400 ಮತವಾಗುತ್ತದೆ, ಅಂತರ 400 ± 600. ಈಗ ಗೆದ್ದವರ ಹೆಸರನ್ನೂ ಚಿತ್ರದಿಂದ ಹೇಳುವಂತಿಲ್ಲ. ಪಟ್ಟಿಯಲ್ಲಿ ಅಂತರದ ಮುಂದೆ ‘ತೀರ್ಮಾನವಾಗದು’ ಎಂದೇ ಬರೆಯಬೇಕು. ಬಹಳ ಮಂದಿ ಇದನ್ನು ಬರೆಯಲು ಹಿಂಜರಿಯುತ್ತಾರೆ. ಚಿತ್ರವನ್ನು ಮತ್ತೆ ಹಿಗ್ಗಿಸಿದರೂ ಕಳೆದುಹೋದದ್ದು ಬರುವುದಿಲ್ಲ; ಅಂಚು ಮಸುಕಾಗಿ ಎರಡು ಮೂರು ಪಿಕ್ಸೆಲ್‌ಗೆ ಹರಡಿದ್ದರೆ ± ಕೂಡ ಅಷ್ಟೇ ದೊಡ್ಡದಾಗಬೇಕು.

ಎಲ್ಲ ಕ್ಷೇತ್ರಕ್ಕೂ ಈ ಕಷ್ಟವಿಲ್ಲ. ಹಾನಗಲ್ಲಿನ 2021ರ ಉಪಚುನಾವಣೆಯ ಅಂತರ 7,373. ಸವಣೂರನ್ನೂ ಒಳಗೊಂಡ ಶಿಗ್ಗಾಂವಿಯ 2024ರ ಉಪಚುನಾವಣೆಯದು 13,448. ಕುಗ್ಗಿದ ಚಿತ್ರದಲ್ಲೂ ಇವು ± 600ರಿಂದ ಬಹಳ ಮೇಲಿವೆ.

ಅಕ್ಷ 70,000ದಿಂದ ಶುರುವಾಗುವ ಚಾರ್ಟನ್ನು ಮೋಸವೆಂದು ಬೈಯುವವರಿದ್ದಾರೆ. ಕಣ್ಣಿಗೆ ಅದು ಮೋಸವೇ, 555 ಮತ ಬೆಟ್ಟದಷ್ಟು ಕಾಣುತ್ತದೆ. ಆದರೆ 70,000ದಿಂದ 73,000ದವರೆಗಿನ 3,000 ಮತ 400 ಪಿಕ್ಸೆಲ್‌ಗೆ ಹರಡಿದರೆ ಪಿಕ್ಸೆಲ್‌ಗೆ ಏಳೂವರೆ ಮತ. ಅಕ್ಷದ ಅಂಕಿ ಓದಿ ಅಳೆಯುವವರಿಗೆ ಅಂತರ ಸುಮಾರು ಹತ್ತು ಮತದ ಹೆಚ್ಚುಕಡಿಮೆಯೊಳಗೆ ಸಿಗುತ್ತದೆ.